ಮದುವೆ ದಿನದ ಫೋಟೊಗೆ ಎರಡು ಸಾಲು ಬೇಕು, ಫ್ಲೆಕ್ಸ್ ಬೋರ್ಡ್ ಥರ ಕೇಳಿಸಬಾರದು

ಸೊಪ್ಪಿನಬೆಟ್ಟ:
ಮೇ ತಿಂಗಳಲ್ಲಿ ನಮ್ಮ ಮದುವೆ ದಿನ ಬರ್ತಿದೆ. ಮದುವೆ ಆಗಿದ್ದು 2014ರ ಮೇನಲ್ಲಿ, ಈಗ 2026. ಇನ್‌ಸ್ಟಾಗ್ರಾಂನಲ್ಲೂ ಫೇಸ್‌ಬುಕ್‌ನಲ್ಲೂ ಒಂದು ಫೋಟೊ ಹಾಕಬೇಕು ಅಂತಿದೀನಿ. ಫೋಟೊ ಈ ಸಲದ ಶಿರಸಿ ಮಾರಿಕಾಂಬಾ ಜಾತ್ರೆದು. ಬಿಡ್ಕಿಬೈಲಿನ ಹತ್ರ ಬಳೆ ಅಂಗಡಿ ಮುಂದೆ ತಂಗಿ ತೆಗೆದದ್ದು. ಹೆಂಡತಿ ಬಳೆಯವನ ಹತ್ರ ಏನೋ ಹೇಳ್ತಿದಾಳೆ, ನಾನು ಹಿಂದೆ ಎರಡು ಚೀಲ ಹಿಡ್ಕೊಂಡು ನಿಂತಿದೀನಿ. ಇಬ್ಬರೂ ಕ್ಯಾಮೆರಾ ನೋಡ್ತಿಲ್ಲ.

ನಾನು ಬರೆದಿದ್ದು ಇದು:

"ನನ್ನ ಬಾಳ ಪಯಣದಲ್ಲಿ ಸದಾ ಜೊತೆಯಾಗಿ, ಸುಖ ದುಃಖಗಳಲ್ಲಿ ಸಮಭಾಗಿಯಾಗಿ, ಪ್ರತಿ ವರ್ಷ ಜಾತ್ರೆಯ ಸಂಭ್ರಮವನ್ನು ಇಮ್ಮಡಿಗೊಳಿಸುವ ನನ್ನ ಪ್ರೀತಿಯ ಅರ್ಧಾಂಗಿಗೆ 13ನೇ ವಿವಾಹ ವಾರ್ಷಿಕೋತ್ಸವದ ಹಾರ್ದಿಕ ಶುಭಾಶಯಗಳು. ನೀನಿಲ್ಲದೆ ನಾನಿಲ್ಲ."

ತಂಗಿ ಓದಿ "ಯಾವ ಸಂಘದ ಅಧ್ಯಕ್ಷರು ಬರೆದಿದ್ದು?" ಅಂದ್ಲು. ತಪ್ಪೇನು ಅಂತ ಗೊತ್ತಾಗ್ತಿದೆ, ಸರಿ ಹೇಗೆ ಮಾಡೋದು ಅಂತ ಗೊತ್ತಾಗ್ತಿಲ್ಲ.

ತಿಳಿಸಾರು:
ತಂಗಿ ಹೇಳಿದ್ದು ಸರಿಯಾಗೇ ಇದೆ 😄 ಕೆಳಗಡೆ "ಶುಭ ಕೋರುವವರು: ಗೆಳೆಯರ ಬಳಗ" ಒಂದು ಬಾಕಿ.

ದೊಡ್ಡಪ್ಪ_ಹೇಳ್ತಾರೆ:
ನಿಮ್ಮಿಬ್ಬರಿಗೂ ಮದುವೆ ದಿನದ ಶುಭಾಶಯಗಳು. ನೂರು ಕಾಲ ಚೆನ್ನಾಗಿ ಬಾಳಿ. ಇದನ್ನೇ ಹಾಕಿ, ಎಲ್ಲರಿಗೂ ಅರ್ಥ ಆಗತ್ತೆ.

ತಿಳಿಸಾರು:
ದೊಡ್ಡಪ್ಪ, ಅದು ನೀವು ಅವರಿಗೆ ಹೇಳೋದು. ಅವರೇ ಅವರಿಗೆ "ನೂರು ಕಾಲ ಬಾಳಿ" ಅಂತ ಹಾಕ್ಕೊಳ್ಳೋಕಾಗತ್ತಾ?

ಅಚ್ಚುಮೊಳೆ:
ದೊಡ್ಡಪ್ಪನವರು ಗೊತ್ತಿಲ್ಲದೆ ಮುಖ್ಯ ಜಾಗವನ್ನೇ ಮುಟ್ಟಿದಾರೆ. ಶುಭಾಶಯ ಕೋರೋದು ಹೊರಗಿನವರ ಕೆಲಸ. ಪತ್ರಿಕೆಯ ಜಾಹೀರಾತು, ಫ್ಲೆಕ್ಸು, ಕಲ್ಯಾಣಮಂಟಪದ ಬಾಗಿಲ ಬೋರ್ಡು, ಇವೆಲ್ಲ ಮೂರನೆಯವರು ದಂಪತಿಗೆ ಹೇಳೋ ಮಾತು. ಅದಕ್ಕೇ ಅಲ್ಲಿ "ಹಾರ್ದಿಕ", "ಕೋರುತ್ತಾ", "ಹಾರೈಸುತ್ತಾ" ಹೊಂದುತ್ತೆ. ನಿಮ್ಮ ಮದುವೆಯಲ್ಲಿ ನೀವೂ ಒಬ್ಬ ಪಾಲುದಾರ. ಗಂಡನೇ ಹೆಂಡತಿಗೆ "ವಾರ್ಷಿಕೋತ್ಸವದ ಹಾರ್ದಿಕ ಶುಭಾಶಯಗಳು" ಅಂದಾಗ ಅವನು ಎದ್ದು ಹೋಗಿ ಅತಿಥಿಗಳ ಸಾಲಲ್ಲಿ ಕೂತ ಹಾಗೆ ಆಗುತ್ತೆ. ಬಿಗಿ ಬರೋದು ಅಲ್ಲಿಂದ.

ಹಾಗಾಗಿ ಮೊದಲ ಕೆಲಸ: "ಶುಭಾಶಯ" ಅನ್ನೋ ಪದವನ್ನೇ ತೆಗೀರಿ. ಬದಲಿಗೆ ಸುದ್ದಿ ಹೇಳಿ. "ಇವತ್ತಿಗೆ ನಮ್ಮ ಮದುವೆಗೆ ಹನ್ನೆರಡು ವರ್ಷ." ಅಷ್ಟೇ. ಇದು ಮನೆಯಲ್ಲಿ ಬಾಯಲ್ಲಿ ಬರೋ ವಾಕ್ಯ. ಶುಭಾಶಯ ಹೇಳೋ ಕೆಲಸ ಕಾಮೆಂಟ್ ಹಾಕೋರು ಮಾಡ್ತಾರೆ, ಅವರಿಗೂ ಸ್ವಲ್ಪ ಬಿಡಿ.

ಎರಡನೇದು, ನಿಮ್ಮ ಸಾಲಿನ ಮೇಲೆ ಒಂದು ಪರೀಕ್ಷೆ ಮಾಡಿ. ಅದನ್ನು ಎತ್ತಿ ನಿಮ್ಮ ಭಾವನ ಮದುವೆ ಫೋಟೊ ಕೆಳಗೆ ಇಡಿ. ಒಂದಕ್ಷರ ಬದಲಿಸದೆ ಹೊಂದಿದರೆ ಅದು ನಿಮ್ಮದಲ್ಲ. ಜಾತ್ರೆ ಅನ್ನೋ ಒಂದು ಪದ ಬಿಟ್ಟರೆ ನಿಮ್ಮ ಸಾಲು ಯಾರಿಗೆ ಬೇಕಾದರೂ ಆಗುತ್ತೆ.

ಬಿಡ್ಕಿಬೈಲ್_ಭಟ್ರು:
ಆ ಜಾತ್ರೆ ಪದಾನೂ ತಪ್ಪೇ ಮಾರಾಯ್ರೆ. "ಪ್ರತಿ ವರ್ಷ ಜಾತ್ರೆಯ ಸಂಭ್ರಮ" ಅಂತೀರಿ. ಶಿರಸಿ ಜಾತ್ರೆ ಎರಡು ವರ್ಷಕ್ಕೊಮ್ಮೆ. ಈ ಸಾಲು ಹಾಕಿದ್ರೆ ಶಿರಸಿ ಕಡೆಯ ನೆಂಟರು ಹೆಂಡತಿಯನ್ನು ಬಿಟ್ಟು ಜಾತ್ರೆ ಲೆಕ್ಕಕ್ಕೇ ಇಳೀತಾರೆ.

ಕಾಗುಣಿತ:
ಲೆಕ್ಕ ಅಂದಮೇಲೆ ಇನ್ನೊಂದು. 2014ರಿಂದ 2026ಕ್ಕೆ ತುಂಬೋದು ಹನ್ನೆರಡು. ಅಂದರೆ 12ನೇ ವಾರ್ಷಿಕೋತ್ಸವ. ಅವತ್ತು ಶುರುವಾಗೋದು ಹದಿಮೂರನೇ ವರ್ಷ. "13ನೇ ವರ್ಷಕ್ಕೆ ಕಾಲಿಟ್ಟಿದ್ದೇವೆ" ಸರಿ, "13ನೇ ವಾರ್ಷಿಕೋತ್ಸವ" ತಪ್ಪು. ಎರಡನ್ನೂ ಬೆರೆಸಿ ಬರೆಯೋರು ಬಹಳ ಜನ. "ಹನ್ನೆರಡು ವರ್ಷ ಆಯ್ತು" ಅಂದರೆ ಈ ಗೊಂದಲವೇ ಬರಲ್ಲ.

ಸೊಪ್ಪಿನಬೆಟ್ಟ:
ಅಯ್ಯೋ. ಎರಡೂ ಒಪ್ಪಿದೆ. ಜಾತ್ರೆ ವಿಷಯ ನಂಗೆ ಗೊತ್ತಿದ್ದದ್ದೇ, ಬರೆಯೋ ಭರಾಟೆಯಲ್ಲಿ "ಪ್ರತಿ ವರ್ಷ" ಬಂದ್ಬಿಟ್ಟಿದೆ.

ಅಚ್ಚುಮೊಳೆ:
ಅದು ತಾನಾಗಿ ಬಂದದ್ದು, ನೀವು ತಂದದ್ದಲ್ಲ. ಸಿದ್ಧ ಪದಗಳ ಗುಣವೇ ಅದು. "ಸುಖ" ಬಂದ ಕೂಡಲೆ "ದುಃಖ" ಬರುತ್ತೆ, "ಸದಾ" ಬಂದರೆ "ಜೊತೆಯಾಗಿ" ಬರುತ್ತೆ. ನಿಜವೋ ಸುಳ್ಳೋ ನೋಡೋಕೆ ಪುರುಸೊತ್ತೇ ಕೊಡಲ್ಲ.

ನೇಸರ:
ಸಮಸ್ಯೆ ಇರೋದು ಸಂಸ್ಕೃತ ಪದಗಳಲ್ಲಿ. ವಿವಾಹ, ವಾರ್ಷಿಕೋತ್ಸವ, ಹಾರ್ದಿಕ, ಅರ್ಧಾಂಗಿ, ಎಲ್ಲ ತೆಗೆದು ಅಚ್ಚಗನ್ನಡ ಹಾಕಿ. "ನನ್ನ ಒಲವಿನ ಬಾಳಗೆಳತಿಗೆ ಮದುವೆಯ ಹುಟ್ಟುಹಬ್ಬದ ನಲ್ವಾರೈಕೆಗಳು." ಎಷ್ಟು ಬೆಚ್ಚಗಿದೆ ನೋಡಿ.

ತಿಳಿಸಾರು:
"ನಲ್ವಾರೈಕೆ" ಓದಿ ಅವರ ಹೆಂಡತಿ ಬೇರೆ ಯಾರಿಗೋ ಬರೆದಿದಾರೆ ಅಂದ್ಕೊಳ್ತಾರೆ.

ಅಚ್ಚುಮೊಳೆ:
ನೇಸರ ಅವರೆ, ಅರ್ಧ ಒಪ್ತೀನಿ. ವಿವಾಹದ ಬದಲು ಮದುವೆ ಖಂಡಿತ ಒಳ್ಳೇದು. ಆದರೆ ಬೇರು ನೋಡಿ ಬೆಚ್ಚಗಿದೆಯೋ ತಣ್ಣಗಿದೆಯೋ ಹೇಳಕ್ಕಾಗಲ್ಲ. "ಸಂಸಾರ" ಸಂಸ್ಕೃತವೇ, ಆದರೂ "ನಮ್ಮ ಸಂಸಾರ" ಅಂದರೆ ಅಡುಗೆಮನೆ ಕಾಣುತ್ತೆ. "ಬಾಳಗೆಳತಿ" ಕನ್ನಡವೇ, ಆದರೆ ಹೆಂಡತೀನ ಹಾಗೆ ಕರೆಯೋ ಗಂಡ ಯಾವ ಮನೇಲಿದಾನೆ? ಅಳತೆಗೋಲು ಒಂದೇ: ಈ ಪದ ನಿಮ್ಮ ಮನೆಯಲ್ಲಿ ಯಾರಾದರೂ ಬಾಯಿಬಿಟ್ಟು ಹೇಳಿದಾರಾ? ಅರ್ಧಾಂಗಿ, ಬಾಳಗೆಳತಿ ಎರಡೂ ಇಲ್ಲಿ ಒಟ್ಟಿಗೇ ಫೇಲ್.

ನೇಸರ:
ಬಳಸದೆ ಇದ್ದರೆ ಪದ ಮನೆಯೊಳಗೆ ಬರೋದು ಹೇಗೆ? ಯಾರಾದರೂ ಶುರು ಮಾಡಬೇಕಲ್ಲ.

ಅಚ್ಚುಮೊಳೆ:
ಮಾಡ್ಲಿ. ಮದುವೆ ದಿನ ಬಿಟ್ಟು ಬೇರೆ ದಿನ ಮಾಡ್ಲಿ.

ಧಾರವಾಡ_ಫೇಡೆ:
ಅಲ್ರೀ, ಇಷ್ಟ್ಯಾಕ ತಲಿ ಕೆಡಿಸ್ಕೊಳ್ಳಾಕತ್ತೀರಿ? ಫೋಟೋದಾಗ ಆಕಿ ಬಳಿ ಅಂಗಡ್ಯಾವನ ಕೂಡ ಮಾತಾಡಾಕತ್ತಾಳ, ನೀವು ಚೀಲ ಹಿಡಕೊಂಡು ನಿಂತೀರಿ. ಅದನ್ನ ಬರೀರಿ. "ಆಕಿ ಚೌಕಾಶಿ, ನಂದು ಚೀಲ. ಹನ್ನೆರಡು ವರ್ಷ." ಮುಗೀತು.

ತಿಳಿಸಾರು:
ಓಹೋ! ಇದು ಸಾಲು ಅಂದ್ರೆ.

ಸೊಪ್ಪಿನಬೆಟ್ಟ:
ಫೇಡೆಯವ್ರೆ ಕೈ ಮುಗಿದೆ. ಇದನ್ನೇ ಹಾಕ್ತೀನಿ.

ಅಚ್ಚುಮೊಳೆ:
ಸ್ವಲ್ಪ ತಡೀರಿ. ದಿಕ್ಕು ಸರಿ ಇದೆ, ಎರಡು ಕಡೆ ಎಡವುತ್ತೆ.

ಒಂದು, ಸುಮ್ಮನೆ "ಚೌಕಾಶಿ" ಅಂದರೆ ಜಿಪುಣಿ ಅನ್ನೋ ಅರ್ಥವೂ ಇಣುಕುತ್ತೆ. ಅವರ ತವರಿನವರು ಓದ್ತಾರೆ, ಆಫೀಸಿನವರು ಓದ್ತಾರೆ. ಮದುವೆ ದಿನದ ಪೋಸ್ಟಲ್ಲಿ ತಮಾಷೆ ಯಾರ ಕಡೆ ತಿರುಗಿದೆ ಅನ್ನೋದನ್ನ ನೋಡಲೇಬೇಕು. ಅವರ ಮೇಲಿದ್ದರೆ ಕಾಮೆಂಟಲ್ಲಿ ನಿಮ್ಮ ಗೆಳೆಯರು ಅದನ್ನು ಹಿಡಿದು ಎಳೀತಾರೆ, "ಪಾಪ ಗಂಡ" ಶುರುವಾಗುತ್ತೆ. ನಿಮ್ಮ ಮೇಲಿದ್ದರೆ ಯಾರಿಗೂ ನೋವಿಲ್ಲ. ಚೀಲದ ಮೇಲೆ ಭಾರ ಹಾಕಿ, ಚೌಕಾಶಿಯನ್ನು ಅವರ ಜಾಣತನ ಮಾಡಿ.

ಎರಡು, ಫೋಟೊದಲ್ಲಿ ಕಾಣೋದನ್ನೇ ಮತ್ತೆ ಬರೆದರೆ ಸಾಲು ಅರ್ಧ ವ್ಯರ್ಥ. ಚೀಲ, ಬಳೆ ಅಂಗಡಿ ಎಲ್ಲರಿಗೂ ಕಾಣುತ್ತೆ. ಕಾಣದೇ ಇರೋದೊಂದು ಬೇಕು. ಅವರು ಬಳೆಯವನಿಗೆ ಏನು ಹೇಳ್ತಿದ್ರು? ಚೀಲದಲ್ಲಿ ಏನಿತ್ತು?

ಸೊಪ್ಪಿನಬೆಟ್ಟ:
ಚೀಲದಲ್ಲಿ ಮಗಳ ಆಟಿಕೆ, ಬೆಂಡು ಬತ್ತಾಸು, ಇನ್ನೊಂದರಲ್ಲಿ ಅತ್ತೆ ತರೋಕೆ ಹೇಳಿದ್ದ ಸೀರೆ. ಬಳೆ ವಿಷಯ ಏನಂದ್ರೆ, ಅವಳು ಗಾಜಿನ ಬಳೆ ಬಿಟ್ಟು ಬೇರೆ ಹಾಕಲ್ಲ. ಪ್ರತಿ ಜಾತ್ರೆಲೂ ಹಸಿರು ಗಾಜಿನ ಬಳೆ ಒಂದು ಡಜನ್ ಬೇಕೇ ಬೇಕು. ಮುಂದಿನ ಜಾತ್ರೆ ಬರೋ ಹೊತ್ತಿಗೆ ನಾಲ್ಕೋ ಐದೋ ಉಳಿದಿರತ್ತೆ.

ಬಿಡ್ಕಿಬೈಲ್_ಭಟ್ರು:
ಅಲ್ಲೇ ಇದೆ ನೋಡಿ ನಿಮ್ಮ ಸಾಲು! ಮತ್ತೆ ಲೆಕ್ಕ ಕೇಳಿ. ನೀವು ಮದುವೆ ಆಗಿದ್ದು 2014ರ ಮೇನಲ್ಲಿ, ಆ ವರ್ಷದ ಜಾತ್ರೆ ಅಷ್ಟೊತ್ತಿಗೆ ಮುಗಿದಿತ್ತು. ಹಾಗಾಗಿ ಮದುವೆ ಆದಮೇಲೆ ಇಲ್ಲಿವರೆಗೆ ಸರಿಯಾಗಿ ಆರು ಜಾತ್ರೆ. "ಹನ್ನೆರಡು ವರ್ಷ, ಆರು ಜಾತ್ರೆ, ಆರು ಡಜನ್ ಬಳೆ."

ಸೊಪ್ಪಿನಬೆಟ್ಟ:
ಭಟ್ರೆ ಸೂಪರ್. ಆದ್ರೆ ಮಗಳು ಹುಟ್ಟಿದ ವರ್ಷ ಜಾತ್ರೆಗೆ ಹೋಗಿಲ್ಲ. ಐದೇ ಆಗತ್ತೆ.

ತಿಳಿಸಾರು:
ಯಾರು ಎಣಿಸ್ತಾರೆ, ಆರು ಅಂತಾನೇ ಹಾಕಿ.

ಕಾಗುಣಿತ:
ಹೆಂಡತಿ ಎಣಿಸ್ತಾರೆ. ನಿಜವೇ ಆಗಿರೋದ್ರಿಂದ ತಾನೇ ಈ ಸಾಲಿಗೆ ಬೆಲೆ? ಮತ್ತೆ, ಐದು ಅಂತ ಬರೆದರೆ ಸಾಲು ಇನ್ನೂ ಚೆನ್ನಾಗುತ್ತೆ. "ಆರು ಜಾತ್ರೆಯಲ್ಲಿ ಐದಕ್ಕೆ ಹೋಗಿದ್ದೇವೆ. ಒಂದು ತಪ್ಪಿಸಿದವಳು ಈಗ ಆಟಿಕೆ ಚೀಲದ ಒಡತಿ." ಮಗಳೂ ಒಳಗೆ ಬಂದಳು.

ಸೊಪ್ಪಿನಬೆಟ್ಟ:
ಇದು ಇಷ್ಟ ಆಯ್ತು.

ಅಮ್ಮಿಕಲ್ಲು:
ನಡುವೆ ಬಾಯಿ ಹಾಕ್ತಿದೀನಿ, ಕ್ಷಮಿಸಿ. ನನ್ನದು ಉಲ್ಟಾ ಕೇಸು. ನಾನು ಹೆಂಡತಿ. ಮನೇಲಿ ಅವರನ್ನ ಕರೆಯೋದು "ರೀ" ಅಂತ. ಪೋಸ್ಟಲ್ಲಿ "ನೀನು" ಅಂತ ಬರೆದ್ರೆ ಅತ್ತೆಗೆ ಸರಿ ಹೋಗಲ್ಲ, "ನೀವು ನನ್ನ ಜೀವನದ ಬೆಳಕು" ಅಂದ್ರೆ ಮ್ಯಾನೇಜರ್‌ಗೆ ಬೀಳ್ಕೊಡುಗೆ ಕೊಟ್ಟ ಹಾಗಿರತ್ತೆ. ಏನು ಮಾಡೋದು?

ಧಾರವಾಡ_ಫೇಡೆ:
"ನೀನು" ಅಂತನಽ ಬರೀರಿ. ಪ್ರೀತಿಯೊಳಗ ಎಂಥಾ ಬಹುವಚನ?

ಅಮ್ಮಿಕಲ್ಲು:
ಹೇಳೋದು ಸುಲಭ, ನಮ್ಮ ಅತ್ತೆ ಕಾಮೆಂಟ್ ನೀವು ಓದಿಲ್ಲ.

ಅಚ್ಚುಮೊಳೆ:
ನೇರವಾಗಿ ಅವರನ್ನು ಉದ್ದೇಶಿಸಿ ಬರೆಯೋದನ್ನೇ ಬಿಡಿ, ಓದುಗರಿಗೆ ಹೇಳಿ. "ನೀವು" ಹೋಗಿ "ಇವರು" ಬರುತ್ತೆ. "ಇವರಿಗೆ ಕಾಫಿಗೆ ಸಕ್ಕರೆ ಎಷ್ಟು ಅಂತ ಇನ್ನೂ ನಾನೇ ಹೇಳಬೇಕು." ಇದರಲ್ಲಿ ಮರ್ಯಾದೆಯೂ ಇದೆ, ಸಲಿಗೆಯೂ ಇದೆ. "ನಮ್ಮನೆಯವರು" ಅಂತಲೂ ಶುರು ಮಾಡಬಹುದು. ನಿಮ್ಮ ಮನೆಯಲ್ಲಿ ಮಗುವಿನ ಹೆಸರು ಹಿಡಿದು ಕರೆಯೋ ರೂಢಿ ಇದ್ದರೆ "ಪುಟ್ಟಿ ಅಪ್ಪ" ಅಂದರೆ ಅದಕ್ಕಿಂತ ಹತ್ತಿರದ ಮಾತೇ ಇಲ್ಲ. ಬಹುವಚನ ಎಂದೂ ಬಿಗಿ ಅಲ್ಲ. "ನೀವು" ಜೊತೆಗೆ "ಜೀವನದ ಬೆಳಕು" ಸೇರಿದಾಗ ಬೀಳ್ಕೊಡುಗೆ ಆಗುತ್ತೆ. "ರೀ, ಹತ್ತು ವರ್ಷ ಆಯ್ತು, ಇನ್ನಾದ್ರೂ ಒದ್ದೆ ಟವೆಲ್ ಮಂಚದ ಮೇಲೆ ಹಾಕ್ಬೇಡಿ" ಅಂದರೆ ಯಾವ ಅತ್ತೆ ಬೇಡ ಅಂತಾರೆ?

ಅಮ್ಮಿಕಲ್ಲು:
ಟವೆಲ್ ವಿಷಯ ನಿಮಗೆ ಯಾರು ಹೇಳಿದ್ರು? 😂

ದೊಡ್ಡಪ್ಪ_ಹೇಳ್ತಾರೆ:
ನಮ್ಮ ಕಾಲದಲ್ಲಿ ಹೆಂಡತಿ ಫೋಟೊ ಹತ್ತು ಜನರಿಗೆ ತೋರಿಸ್ತಾ ಇರಲಿಲ್ಲ. ಈಗ ಬಳೆ ಡಜನ್ ಲೆಕ್ಕಾನೂ ಊರಿಗೆ ಹೇಳ್ಬೇಕಾ?

ಕಾಗುಣಿತ:
ದೊಡ್ಡಪ್ಪ ಕೇಳಿದ್ದರಲ್ಲಿ ಒಂದು ವಿಷಯ ಇದೆ. ಹಾಕೋ ಮುಂಚೆ ಹೆಂಡತಿಗೆ ತೋರಿಸೋದು ಒಳ್ಳೇದು. ಫೋಟೊ ಒಂದೇ ಸಾಲದು, ಸಾಲನ್ನೂ ತೋರಿಸಿ. ಸರ್‌ಪ್ರೈಸ್ ಹೋಗುತ್ತೆ ಅಂತ ಬಹಳ ಜನ ತೋರಿಸಲ್ಲ. ಆಮೇಲೆ "ನಮ್ಮಮ್ಮನ ಸೀರೆ ವಿಷಯ ಯಾಕೆ ಬರೆದೆ" ಅಂತ ಅವತ್ತೇ ಜಗಳ.

ಇನ್ನೊಂದು. ಸೊಪ್ಪಿನಬೆಟ್ಟದವರ ಮೂಲ ಸಾಲಲ್ಲಿ ಕೊನೆಗೆ "ನೀನಿಲ್ಲದೆ ನಾನಿಲ್ಲ" ಇದೆ, ಮೊದಲೆಲ್ಲ "ಅರ್ಧಾಂಗಿಗೆ" ಇದೆ. ಶುರುವಿನಲ್ಲಿ ಜನರಿಗೆ ಹೇಳ್ತಿದ್ರು, ಕೊನೆಯಲ್ಲಿ ಅವರ ಕಡೆ ತಿರುಗಿಬಿಟ್ರು. ಎರಡರಲ್ಲಿ ಒಂದು ಹಿಡೀರಿ. "ಅವಳು/ಇವಳು" ಅಂತ ಶುರು ಮಾಡಿದರೆ ಅದರಲ್ಲೇ ಮುಗಿಸಿ. ತೀರಾ ಬೇಕಿದ್ದರೆ ಕೊನೆಗೆ ಒಂದು ಸಾಲು ಬಿಟ್ಟು ಬೇರೆಯಾಗಿ ಅವರಿಗೆ ಹೇಳಿ. ಒಂದೇ ವಾಕ್ಯದಲ್ಲಿ ಎರಡೂ ಬೇಡ.

ಸೊಪ್ಪಿನಬೆಟ್ಟ:
ಸರಿ, ಎಲ್ಲ ಸೇರಿಸಿ ಬರೆದೆ. ನೋಡಿ:

"ಇಂದಿಗೆ ನಮ್ಮ ವಿವಾಹವಾಗಿ 12 ವರ್ಷ ಪೂರೈಸಿದೆ. ಆರು ಜಾತ್ರೆಯಲ್ಲಿ ಐದಕ್ಕೆ ಹೋಗಿದೀವಿ. ಪ್ರತಿ ಸಲ ಒಂದು ಡಜನ್ ಹಸಿರು ಬಳೆಗಳನ್ನು ಖರೀದಿಸುವುದು ಇವಳ ಕೆಲಸ, ಚೀಲ ಹಿಡ್ಕೊಳ್ಳೋದು ನನ್ನ ಕೆಲಸ. ಒಂದು ಜಾತ್ರೆ ತಪ್ಪಿಸಿದವಳು ಈಗ ಆಟಿಕೆ ಚೀಲದ ಒಡತಿ."

ತಿಳಿಸಾರು:
ಚೆನ್ನಾಗಿದೆ. ಮೊದಲ ಸಾಲು ಮಾತ್ರ ರಿಜಿಸ್ಟ್ರಾರ್ ಆಫೀಸಿಂದ ಬಂದಿದೆ.

ಅಚ್ಚುಮೊಳೆ:
ತಿಳಿಸಾರು ಸರಿಯಾಗಿ ಹಿಡಿದ್ರು. "ಪೂರೈಸಿದೆ", "ಖರೀದಿಸುವುದು" ಬರಹದ ಕನ್ನಡ. "ಹೋಗಿದೀವಿ", "ಹಿಡ್ಕೊಳ್ಳೋದು" ಆಡುಮಾತು. ಒಂದೇ ಗುಕ್ಕಿನಲ್ಲಿ ಎರಡೂ ಬಂದರೆ ಓದುವಾಗ ಇಬ್ಬರು ಬರೆದ ಹಾಗೆ ಅನ್ನಿಸುತ್ತೆ. ಕ್ರಿಯಾಪದದ ಕೊನೆಯಲ್ಲೇ ಇದು ಸಿಕ್ಕಿಬೀಳೋದು, ಅದಕ್ಕೆ ಪ್ರತಿ ವಾಕ್ಯದ ಕೊನೆಯ ಪದವನ್ನಷ್ಟೇ ಓದಿಕೊಂಡು ಹೋಗಿ: ಪೂರೈಸಿದೆ, ಹೋಗಿದೀವಿ, ಕೆಲಸ, ಒಡತಿ. ಮೊದಲನೆಯದು ಬೇರೆ ಜಾತಿ ಅಂತ ತಕ್ಷಣ ಗೊತ್ತಾಗುತ್ತೆ.

ಸುಲಭದ ದಾರಿ ಇನ್ನೊಂದಿದೆ: ಎಲ್ಲಿ ಆಗುತ್ತೋ ಅಲ್ಲಿ ಕ್ರಿಯಾಪದವನ್ನೇ ಬಿಡಿ. "ಮದುವೆಗೆ ಇವತ್ತಿಗೆ ಹನ್ನೆರಡು ವರ್ಷ" ಅನ್ನೋದಕ್ಕೆ ಕ್ರಿಯಾಪದ ಬೇಕಿಲ್ಲ. ಆಗ ಆಡುಮಾತೋ ಬರಹವೋ ಅನ್ನೋ ಪ್ರಶ್ನೆಯೇ ಏಳಲ್ಲ. ಶಿರಸಿಯವರೂ ಧಾರವಾಡದವರೂ ಮೈಸೂರಿನವರೂ ತಮ್ಮ ತಮ್ಮ ದನಿಯಲ್ಲೇ ಓದಿಕೊಳ್ತಾರೆ.

ಧಾರವಾಡ_ಫೇಡೆ:
ನಾ ಬರದದ್ದರಾಗ ಕ್ರಿಯಾಪದ ಇರಲೇ ಇಲ್ಲ, ನೋಡಿಕೊಳ್ರಿ.

ಬಿಡ್ಕಿಬೈಲ್_ಭಟ್ರು:
ನಮ್ಮ ಕಡೆ ಮಾತಲ್ಲೇ ಬರೆದ್ರೆ ಏನಾಗ್ತು? ಊರಿನವ್ಕೆ ಎಷ್ಟು ಖುಷಿ ಆಗ್ತು ಗೊತ್ತಿದ್ದಾ.

ಸೊಪ್ಪಿನಬೆಟ್ಟ:
ಭಟ್ರೆ ಅವಳು ದಾವಣಗೆರೆ ಕಡೆಯವಳು. ನಾವಿಬ್ಬರೂ ಮನೇಲಿ ಆಡೋದು ಎರಡರ ನಡುವಿನ ಏನೋ ಒಂದು.

ವೈರ್‌ಲೆಸ್_ವೆಂಕ:
ಯಾರೂ ಹೇಳದ ವಿಷಯ: ಇನ್‌ಸ್ಟಾಗ್ರಾಂನಲ್ಲಿ ಫೋಟೊ ಕೆಳಗೆ ಮೊದಲ ಒಂದೆರಡು ಸಾಲಷ್ಟೇ ಕಾಣತ್ತೆ, ಉಳಿದದ್ದು ಒತ್ತಿದರೆ ಮಾತ್ರ. ಒಟ್ಟು 2200 ಚಿಹ್ನೆವರೆಗೆ ಜಾಗ ಇದೆ, ಆದರೆ ಅಲ್ಲಿವರೆಗೆ ಯಾರೂ ಬರಲ್ಲ. ಹಾಗಾಗಿ "ಇಂದಿಗೆ ನಮ್ಮ..." ಅಂತ ಶುರು ಮಾಡಿದರೆ ಬಳೆ, ಚೀಲ ಎಲ್ಲ ಒಳಗೆ ಸೇರಿಹೋಗತ್ತೆ. ಚೀಲ ಮೊದಲು ಬರಲಿ, ವರ್ಷ ಆಮೇಲೆ.

ಇನ್ನೊಂದು, ಕಂಪ್ಯೂಟರಲ್ಲಿ ನುಡಿ ತಂತ್ರಾಂಶದ ಹಳೇ ಫಾಂಟಲ್ಲಿ ಟೈಪ್ ಮಾಡಿ ಅಂಟಿಸಬೇಡಿ, ಇಂಗ್ಲಿಷ್ ಅಕ್ಷರಗಳ ಗೋಜಲಾಗಿ ಕಾಣತ್ತೆ. ಫೋನ್ ಕೀಬೋರ್ಡಲ್ಲೇ ಬರೀರಿ.

ಕಾಗುಣಿತ:
ಕ್ರಮದ ಮಾತು ಒಪ್ಪಿದೆ. ಅಂದಹಾಗೆ ಜಾತ್ರೆ ಆಗಲೇ ಮುಗಿದಿದೆ, ಮದುವೆ ದಿನ ಮೇನಲ್ಲಿ. "ಇವತ್ತು" ಅಂತ ಶುರು ಮಾಡಿ ಜಾತ್ರೆ ಫೋಟೊ ಹಾಕಿದರೆ ಇವತ್ತು ಜಾತ್ರೆಯಲ್ಲಿದೀರಿ ಅಂತ ಓದಿಕೊಳ್ಳೋರಿದಾರೆ. ಫೋಟೊ ಮೊದಲು, ದಿನ ಕೊನೆಗೆ ಇಟ್ಟರೆ ಅದೂ ಸರಿಹೋಗುತ್ತೆ.

ಅಮ್ಮಿಕಲ್ಲು:
ಕನ್ನಡ ಓದಕ್ಕೆ ಬರದ ಸ್ನೇಹಿತರಿಗೆ? ಕೆಳಗೆ ಇಂಗ್ಲಿಷ್ ಅನುವಾದ ಹಾಕ್ಬೇಕಾ?

ಅಚ್ಚುಮೊಳೆ:
ಅನುವಾದ ಬೇಡ, ಆರು ಜಾತ್ರೆ ಐದು ಡಜನ್ ಇಂಗ್ಲಿಷಲ್ಲಿ ಗಣಿತದ ಪ್ರಶ್ನೆ ಆಗುತ್ತೆ. ಹನ್ನೆರಡು ವರ್ಷ ಆಯ್ತು ಅಂತ ಒಂದು ಸರಳ ಸಾಲು ಇಂಗ್ಲಿಷಲ್ಲಿ ಇರಲಿ, ಸಾಕು. ಫೋಟೊ ಅವರಿಗೂ ಅರ್ಥ ಆಗುತ್ತೆ.

ಸೊಪ್ಪಿನಬೆಟ್ಟ:
ಮತ್ತೊಂದು ಸಲ:

"ಎರಡೂ ಚೀಲ ನನ್ನವು. ಬೆಲೆ ಮಾತಾಡುವ ಜಾಣತನ ಇವಳದ್ದು.
ಆರು ಜಾತ್ರೆಯಲ್ಲಿ ಐದು, ಜಾತ್ರೆಗೊಂದು ಡಜನ್ ಹಸಿರು ಬಳೆ. ತಪ್ಪಿದ ಆ ಒಂದು ಜಾತ್ರೆಗೆ ಕಾರಣಳಾದವಳೇ ಈಗ ಆಟಿಕೆ ಚೀಲದ ಒಡತಿ.
ನಮ್ಮ ಮದುವೆಗೆ ಇವತ್ತಿಗೆ ಹನ್ನೆರಡು ವರ್ಷ."

ತಿಳಿಸಾರು:
ಹಾಕಿ ಹಾಕಿ ಹಾಕಿ.

ಕಾಗುಣಿತ:
"ಕಾರಣಳಾದವಳೇ" ತೊಡಕು, ಜೋರಾಗಿ ಓದಿ ನೋಡಿ, ನಾಲಿಗೆ ಸಿಕ್ಕಿಕೊಳ್ಳುತ್ತೆ. "ಒಂದು ಜಾತ್ರೆ ತಪ್ಪಿಸಿದವಳು ಈಗ ಆಟಿಕೆ ಚೀಲದ ಒಡತಿ" ಅಂತ ಮೊದಲಿದ್ದದ್ದೇ ಸಾಕು. ಮತ್ತೆ "ಎರಡೂ ಚೀಲ ನನ್ನವು" ಅಂದು, ಆಮೇಲೆ ಒಂದು ಮಗಳದ್ದು ಅಂತೀರಿ. "ಎರಡೂ ಚೀಲ ಹೊರೋದು ನಾನು" ಮಾಡಿ.

ಧಾರವಾಡ_ಫೇಡೆ:
ಹಾಕ್ರಿ, ಆದ್ರ "ಜಾಣತನ" ಬ್ಯಾಡ. "ಚೌಕಾಶಿ"ನಽ ಇರಲಿ. ಜಾಣತನ ಅಂದ್ರ ಹೆದರಿ ಬರದಂಗ ಆಗತೈತಿ.

ಅಚ್ಚುಮೊಳೆ:
ಇದೊಂದರಲ್ಲಿ ನಾನು ನಿಮ್ಮ ಜೊತೆ ಇಲ್ಲ. ತವರಿನವರು ಓದ್ತಾರೆ ಅಂತ ಮೊದಲೇ ಹೇಳಿದೀನಿ.

ಧಾರವಾಡ_ಫೇಡೆ:
ಬಳಿ ಅಂಗಡ್ಯಾಗ ಚೌಕಾಶಿ ಮಾಡದ ತವರು ಯಾವುದ್ರೀ ಅದು?

ಸೊಪ್ಪಿನಬೆಟ್ಟ:
ಇದನ್ನ ಅವಳಿಗೇ ಬಿಡ್ತೀನಿ. ರಾತ್ರಿ ಎರಡೂ ತೋರಿಸ್ತೀನಿ, ಸೀರೆ ವಿಷಯ ಮಾತ್ರ ಎಲ್ಲೂ ಬರೆದಿಲ್ಲ ಅನ್ನೋದು ಸಮಾಧಾನ.

ದೊಡ್ಡಪ್ಪ_ಹೇಳ್ತಾರೆ:
ಬೆಂಡು ಬತ್ತಾಸು ಎಲ್ಲಿ ತಗೊಂಡ್ರಿ? ಈ ಸಲ ರೇಟು ಎಷ್ಟಿತ್ತು?